ಲೇಖನದ ಮೊದಲ ನೂರು ಪದಗಳು
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಪತ್ರಿಕೆಗೆ ಲೇಖನ ಬರೆಯುವವರಿಗೂ, ಬರೆಯುವ ಆಸೆಯಿದ್ದು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಸುಮ್ಮನಿರುವವರಿಗೂ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಲೇಖನವೆಂದರೆ ಇಲ್ಲಿ ಕಥೆಯಲ್ಲ, ಹರಟೆಯಲ್ಲ. ಓದಿದವನು ಮರುದಿನ ಎದ್ದು ಏನಾದರೊಂದು ಕೆಲಸ ಮಾಡುವುದಕ್ಕೆ ಉಪಯೋಗವಾಗುವಂಥ, ವಿಷಯ ತಿಳಿಸುವ ಬರಹ. ಅದರಲ್ಲಿಯೂ ಅದರ ಮೊದಲ ನೂರು ಪದ ಮಾತ್ರ ಇಂದಿನ ವಿಚಾರ. ಅಷ್ಟು ಓದುವುದರೊಳಗೆ ಓದುಗನಿಗೆ ‘ಇದು ನನಗಾಗಿ ಬರೆದದ್ದು’ ಎಂದಾಗಲಿ, ‘ಇದು ನನ್ನದಲ್ಲ’ ಎಂದಾಗಲಿ ಗೊತ್ತಾಗುವಂತೆ ಹೇಗೆ ಬರೆಯುವುದು? ನಮ್ಮಿಂದಲೇ ಆದ ಒಂದು ತಪ್ಪನ್ನು ಮುಂದಿಟ್ಟುಕೊಂಡು ಹೇಳುತ್ತೇವೆ.

‘ಒಂದು ದೇಶ, ಒಂದು ರೇಷನ್ ಕಾರ್ಡು’ ಎಂಬ ಏರ್ಪಾಡಿಗೆ ತಮಿಳುನಾಡು 2020ರ ಅಕ್ಟೋಬರಿನಲ್ಲಿ ಸೇರಿತು. ಊರಿನಲ್ಲಿ ಕಾರ್ಡಿಟ್ಟು ಚೆನ್ನೈಯಲ್ಲಿ ದುಡಿಯುವ ನಮ್ಮವರಿಗೆ ಇದು ತಿಳಿಯಬೇಕಾದ ಸಂಗತಿ ಎಂದು ನಾವು ಒಂದು ಲೇಖನ ಬರೆದೆವು. ಅದರ ತಲೆಬರಹ ‘ಅನ್ನದಾನದ ಹೊಸ ಯುಗ’. ಆರಂಭದಲ್ಲಿ ಅನ್ನಪೂರ್ಣೇಶ್ವರಿಯನ್ನು ನೆನೆದೆವು. ಆಮೇಲೆ ಹಿಂದಿನ ಕ್ಷಾಮಗಳ ಮಾತು ಬಂತು. ಅಲ್ಲಿಂದ 2013ರ ಆಹಾರ ಭದ್ರತಾ ಕಾಯಿದೆಗೆ ಬಂದೆವು. ಎಲ್ಲವೂ ನಿಜವಾದ ಮಾತೇ, ಭಾಷೆಯೂ ಕೆಟ್ಟಿರಲಿಲ್ಲ. ಆದರೆ ‘ರೇಷನ್ ಕಾರ್ಡು’ ಎಂಬ ಮಾತು ಮೊದಲ ಸಲ ಬಂದದ್ದು ನೂರಮೂವತ್ತನಾಲ್ಕನೆಯ ಪದವಾಗಿ. ಇದನ್ನು ಆಮೇಲೆ ನಾಚಿಕೊಂಡು ಎಣಿಸಿದೆವು.

ಅದರಿಂದ ಎರಡು ಬಗೆಯ ನಷ್ಟವಾಯಿತು. ಹೋಟೆಲಿನಲ್ಲಿ ಕೆಲಸ ಮಾಡುವ, ಕುಂದಾಪುರದ ಕಡೆಯ ಒಬ್ಬ ಹುಡುಗ ಆ ಸಂಚಿಕೆಯನ್ನು ಕೈಗೆತ್ತಿಕೊಂಡು ಆ ಪುಟವನ್ನು ಮಗುಚಿಬಿಟ್ಟ. ಅವನ ಮನೆಯದು ಬಿ.ಪಿ.ಎಲ್. ಕಾರ್ಡು; ಲೇಖನ ಅವನಿಗೇ ಬರೆದದ್ದು. ಎರಡು ತಿಂಗಳ ಮೇಲೆ ಕೇಳಿದಾಗ, ‘ಯಾವುದೋ ದೇವಸ್ಥಾನದ ಅನ್ನಸಂತರ್ಪಣೆ ವಿಷಯ ಅಂದ್ಕೊಂಡೆ ಸಾರ್’ ಎಂದ. ಅಷ್ಟು ದಿನವೂ ಅವನು ಅಕ್ಕಿಯನ್ನು ಅಂಗಡಿಯ ಬೆಲೆಗೆ ಕೊಂಡಿದ್ದ. ಇನ್ನೊಬ್ಬರು ಕಂಪನಿಯೊಂದರಲ್ಲಿ ಗುಮಾಸ್ತರು. ಅವರು ತಾಳ್ಮೆಯಿಂದ ಮುಕ್ಕಾಲು ಪಾಲು ಓದಿ, ಅರ್ಧ ದಿನ ರಜೆ ಹಾಕಿ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತರು. ಅವರದು ಎ.ಪಿ.ಎಲ್. ಕಾರ್ಡು. ಎ.ಪಿ.ಎಲ್.ನವರಿಗೆ ಇದು ಅನ್ವಯಿಸದು ಎಂಬ ಸಾಲನ್ನು ನಾವು ಕೊನೆಯ ಪ್ಯಾರಾದಲ್ಲಿ ಇಟ್ಟಿದ್ದೆವು. ಬೇಕಾದವನು ಬಾಗಿಲಲ್ಲೇ ಹಿಂದಿರುಗಿದ. ಬೇಡವಾದವರು ಒಳಗೆ ಬಂದು ಮೋಸಹೋದರು.

ಮುಂದಿನ ಸಂಚಿಕೆಗೆ ತಿದ್ದಿ ಬರೆದೆವು. ಆಗ ತಪ್ಪು ಇನ್ನೊಂದು ಕಡೆಗೆ ವಾಲಿತು. ‘ರೇಷನ್ ಕಾರ್ಡಿನ ಸಮಸ್ತ ವಿವರ ಈ ಲೇಖನದಲ್ಲಿದೆ’ ಎಂದು ಆರಂಭಿಸಿದೆವು. ವಿಷಯವೇನೋ ಮೊದಲ ಸಾಲಿಗೇ ಬಂತು. ಆದರೆ ಮಗುವಿನ ಹೆಸರು ಸೇರಿಸಬೇಕಾದವರು, ವಿಳಾಸ ಬದಲಾಯಿಸಬೇಕಾದವರು, ಹೊಸ ಕಾರ್ಡು ಬೇಕಾದವರು ಎಲ್ಲರೂ ಕೊನೆಯವರೆಗೆ ಓದಿದರು. ಅವರಿಗೆ ಬೇಕಾದದ್ದು ಅದರಲ್ಲಿ ಇರಲಿಲ್ಲ. ಬಾಗಿಲು ಚಿಕ್ಕದಾದರೂ ಕಷ್ಟ, ಮನೆಗಿಂತ ದೊಡ್ಡದಾದರೂ ಕಷ್ಟ.

ಮೂರನೆಯ ಸಲ ಬರೆದದ್ದನ್ನು ಇಲ್ಲಿ ಓದುತ್ತೇವೆ. ತಲೆಬರಹ, ‘ಊರಿನ ರೇಷನ್ ಕಾರ್ಡಿನ ಮೇಲೆ ಚೆನ್ನೈಯಲ್ಲಿ ಧಾನ್ಯ’. ಕೆಳಗೆ ಹೀಗಿತ್ತು:

‘ನಿಮ್ಮ ರೇಷನ್ ಕಾರ್ಡು ಕರ್ನಾಟಕದ ಊರಿನಲ್ಲಿದೆ, ನೀವು ಚೆನ್ನೈಯಲ್ಲಿ ದುಡಿಯುತ್ತಿದ್ದೀರಿ. ಆ ಕಾರ್ಡಿನ ಮೇಲೆ ಇಲ್ಲಿಯ ರೇಷನ್ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. 2020ರ ಅಕ್ಟೋಬರಿನಿಂದ ತಮಿಳುನಾಡಿನಲ್ಲಿ ಈ ಏರ್ಪಾಡಿದೆ. ಇದು ಬಿ.ಪಿ.ಎಲ್. ಮತ್ತು ಅಂತ್ಯೋದಯ ಕಾರ್ಡಿನವರಿಗೆ ಮಾತ್ರ. ಎ.ಪಿ.ಎಲ್. ಕಾರ್ಡಿನವರಿಗೆ ಅನ್ವಯಿಸುವುದಿಲ್ಲ, ಅವರು ಮುಂದೆ ಓದಬೇಕಾಗಿಲ್ಲ. ಸಿಗುವುದು ಕೇಂದ್ರ ಸರ್ಕಾರದ ಪಾಲಿನ ಧಾನ್ಯ ಮಾತ್ರ. ಕರ್ನಾಟಕ ತನ್ನ ಕಡೆಯಿಂದ ಕೊಡುವ ಹೆಚ್ಚಿನದು ಇಲ್ಲಿ ಸಿಗದು, ತಮಿಳುನಾಡು ತನ್ನ ಕಾರ್ಡುದಾರರಿಗೆ ಕೊಡುವ ಬೇಳೆ ಎಣ್ಣೆಯೂ ಸಿಗದು. ಹೊಸ ಕಾರ್ಡು ಮಾಡಿಸಬೇಕಾಗಿಲ್ಲ, ಊರಿನ ಕಾರ್ಡು ರದ್ದಾಗುವುದಿಲ್ಲ. ಬೇಕಾದದ್ದು ಎರಡು: ಕಾರ್ಡಿನ ಅಥವಾ ಆಧಾರಿನ ನಂಬರು, ಮತ್ತು ಕಾರ್ಡಿಗೆ ಆಧಾರ್ ಜೋಡಣೆಯಾಗಿರುವ ಮನೆಯವರೊಬ್ಬರ ಬೆರಳಚ್ಚು. ಅಂಗಡಿಯಲ್ಲಿ ಏನು ಹೇಳಬೇಕು, ಬೆರಳಚ್ಚು ಹಿಡಿಯದಿದ್ದರೆ ಏನು ಮಾಡಬೇಕು, ಊರಿನವರು ಸ್ವಲ್ಪ ನೀವು ಸ್ವಲ್ಪ ಹಂಚಿಕೊಂಡು ಪಡೆಯುವುದು ಹೇಗೆ ಎಂಬುದು ಮುಂದಿದೆ.’

ಎಣಿಸಿದರೆ ನೂರು ಮುಟ್ಟುವುದಿಲ್ಲ. ಇಂಗ್ಲಿಷಿನವರು ನೂರು ಪದ ಎನ್ನುವಲ್ಲಿ ನಮಗೆ ಎಪ್ಪತ್ತು ಎಂಬತ್ತೇ ಸಾಕಾಗುತ್ತದೆ. ‘ಇನ್ ದಿ ಹೌಸ್’ ಎಂಬ ಮೂರು ಪದ ನಮ್ಮಲ್ಲಿ ‘ಮನೆಯಲ್ಲಿ’ ಎಂಬ ಒಂದೇ ಪದ. ನೂರು ಎಂಬುದೇನೂ ಶಾಸ್ತ್ರವಲ್ಲ. ನೆರಳಚ್ಚು ತೆಗೆದ ಹಾಳೆಯ ಮೂರನೆಯ ಒಂದು ಭಾಗ, ಪಾಳಿ ಮುಗಿಸಿ ಬಂದವನು ನಿಂತುಕೊಂಡೇ ಓದುವಷ್ಟು, ಎಂದಿಟ್ಟುಕೊಳ್ಳಿ.

ಈಗ ಅದರ ಕಟ್ಟನ್ನು ಬಿಚ್ಚಿ ನೋಡೋಣ. ಮೊದಲ ವಾಕ್ಯದಲ್ಲಿ ಹೊಸ ಸಂಗತಿ ಒಂದೂ ಇಲ್ಲ. ಕಾರ್ಡು ಊರಿನಲ್ಲಿ, ತಾನು ಇಲ್ಲಿ ಎಂಬುದು ಓದುಗನಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಅದನ್ನು ಮೊದಲು ಇಟ್ಟೆವು. ತನ್ನ ಸ್ಥಿತಿಯನ್ನು ತನ್ನ ಮಾತಿನಲ್ಲಿ ಕಂಡವನು ನಿಲ್ಲುತ್ತಾನೆ. ತಲೆಬರಹದ ‘ರೇಷನ್ ಕಾರ್ಡು’ ಎಂಬ ಮಾತೇ ಇಲ್ಲಿಯೂ ಬಂದಿರುವುದನ್ನು ಗಮನಿಸಿ. ತಲೆಬರಹದಲ್ಲಿ ಒಂದು ಹೆಸರು, ಕೆಳಗೆ ‘ಪಡಿತರ ಚೀಟಿ’, ಅದರ ಕೆಳಗೆ ‘ಸಾರ್ವಜನಿಕ ವಿತರಣಾ ವ್ಯವಸ್ಥೆ’ ಎಂದು ಬರೆದರೆ ಮೂರು ಬೇರೆ ವಸ್ತುಗಳೇನೋ ಎಂಬ ಶಂಕೆ ಹುಟ್ಟುತ್ತದೆ. ಶಾಲೆಯಲ್ಲಿ ಒಂದೇ ಮಾತನ್ನು ಎರಡು ಸಲ ಬರೆಯಬೇಡ ಎಂದು ಕಲಿಸಿದ್ದಾರೆ; ಈ ನೂರು ಪದದಲ್ಲಿ ಆ ಪಾಠವನ್ನು ಮರೆಯಬೇಕು. ಹಾಗೆಯೇ ಸರ್ಕಾರಿ ಕಾಗದದಲ್ಲಿ ‘ಆದ್ಯತಾ ಕುಟುಂಬ’ ಎಂದಿದ್ದರೂ ನಾವು ‘ಬಿ.ಪಿ.ಎಲ್.’ ಎಂದೇ ಬರೆದೆವು, ಮನೆಯಲ್ಲಿ ಹಾಗೆ ಅನ್ನುತ್ತಾರಾದ್ದರಿಂದ. ಅಧಿಕೃತ ಹೆಸರಿಗೆ ಎರಡನೆಯ ಪ್ಯಾರಾದಲ್ಲಿ ಜಾಗವಿತ್ತು.

ಎರಡನೆಯ ವಾಕ್ಯ ಲಾಭವನ್ನು ಹೇಳುತ್ತದೆ. ಮೂರನೆಯದು ರಾಜ್ಯವನ್ನೂ ಇಸವಿಯನ್ನೂ ಹೇಳುತ್ತದೆ. ಇಸವಿ ಏಕೆಂದರೆ, ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು ವರ್ಷಗಟ್ಟಲೆ ಮೇಜಿನ ಮೇಲಿರುತ್ತವೆ. ನಿಯಮಗಳು ಬದಲಾಗುತ್ತವೆ. ಯಾವ ಕಾಲದ ಮಾತು ಎಂದು ತಿಳಿಯದ ಲೇಖನ ಹಳತಾದ ಮೇಲೂ ಹೊಸದರಂತೆ ನಟಿಸುತ್ತದೆ.

ಆಮೇಲೆ ಬರುವುದು ಬರೆಯುವವರಿಗೆ ಎಲ್ಲಕ್ಕಿಂತ ಕಷ್ಟವಾದ ವಾಕ್ಯ: ‘ಅವರು ಮುಂದೆ ಓದಬೇಕಾಗಿಲ್ಲ.’ ಓದುಗನನ್ನು ನಾವೇ ಕಳುಹಿಸಿಬಿಡುವುದೆ? ನಮ್ಮ ಸಮಿತಿಯಲ್ಲಿ ಇದರ ಮೇಲೆ ಒಂದು ಗಂಟೆ ವಾದವಾಯಿತು. ಒಬ್ಬರು, ಇದು ಅವಮಾನ ಎಂದರು. ಅರ್ಧ ದಿನ ರಜೆ ಹಾಕಿದ ಆ ಗುಮಾಸ್ತರೇ ಎದ್ದು, ಈ ಒಂದು ಸಾಲು ಮೊದಲೇ ಇದ್ದಿದ್ದರೆ ನನ್ನ ರಜೆ ಉಳಿಯುತ್ತಿತ್ತು ಎಂದ ಮೇಲೆ ವಾದ ಮುಗಿಯಿತು. ಯಾರಿಗೆ ಅಲ್ಲ ಎಂಬುದನ್ನು ಹೇಳಿದಾಗಲೇ ಯಾರಿಗೆ ಎಂಬುದು ಗಟ್ಟಿಯಾಗುತ್ತದೆ, ಬಿ.ಪಿ.ಎಲ್.ನವನು ಆ ಸಾಲನ್ನು ಓದಿ ಇನ್ನಷ್ಟು ನಂಬಿಕೆಯಿಂದ ಮುಂದಕ್ಕೆ ಹೋಗುತ್ತಾನೆ.

ಇದೇನೂ ಹೊರಗಿನಿಂದ ತಂದ ವಿದ್ಯೆಯಲ್ಲ. ಗದುಗಿನ ಭಾರತದ ಪೀಠಿಕೆಯಲ್ಲಿ ಕುಮಾರವ್ಯಾಸನು ತನ್ನ ಕಾವ್ಯ ಅರಸರಿಗೆ ಏನು, ದ್ವಿಜರಿಗೆ ಏನು, ಯೋಗಿಗಳಿಗೆ, ಮಂತ್ರಿಗಳಿಗೆ, ವಿರಹಿಗಳಿಗೆ ಏನು ಎಂದು ಒಬ್ಬೊಬ್ಬರನ್ನಾಗಿ ಕರೆದು ಹೇಳಿದ್ದಾನೆ. ಅವನು ಯಾರನ್ನೂ ಹೊರಗೆ ಕಳುಹಿಸಲಿಲ್ಲ ನಿಜ. ಮಹಾಕಾವ್ಯಕ್ಕೆ ಅದು ಸಲ್ಲುತ್ತದೆ, ಎರಡು ಪುಟದ ಲೇಖನಕ್ಕೆ ಸಲ್ಲದು. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಪತ್ರದ ತಲೆಯಲ್ಲಿ ‘ವಿಷಯ’ ಎಂದೊಂದು ಸಾಲು ಬರೆಯುತ್ತೀರಲ್ಲ, ಅದನ್ನು ನೋಡಿಯೇ ಕಾಗದ ಯಾವ ಮೇಜಿಗೆ ಹೋಗಬೇಕೆಂದು ತೀರ್ಮಾನವಾಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಆ ಸಾಲು ಬರೆಯುವ ಕೈ, ಲೇಖನಕ್ಕೆ ಕುಳಿತ ಕೂಡಲೇ ಅನ್ನಪೂರ್ಣೇಶ್ವರಿಯನ್ನು ಏಕೆ ಕರೆಯುತ್ತದೋ ನಮಗೆ ತಿಳಿಯದು. ನಮ್ಮ ಕೈಯೂ ಕರೆದಿತ್ತು.

ಕೊನೆಯ ಎರಡು ವಾಕ್ಯಗಳ ವಿಷಯ. ಕೈಯಲ್ಲಿ ಏನಿರಬೇಕು ಎಂಬುದನ್ನು ಹೇಳಿದೆವು. ಮಾಡುವ ಕ್ರಮವನ್ನು ಹೇಳಲಿಲ್ಲ. ಪಾತ್ರೆ ತೊಳೆಯುವವರ, ಸಿಮೆಂಟಿನಲ್ಲಿ ಕೆಲಸ ಮಾಡುವವರ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯದೆ ಹೋಗುವುದುಂಟು. ಅದನ್ನು ವಿವರಿಸುವುದಕ್ಕೆ ಒಂದು ಪ್ಯಾರಾ ಬೇಕು. ಅದನ್ನೆಲ್ಲ ಬಾಗಿಲಲ್ಲೇ ತುರುಕಿದರೆ ಬಾಗಿಲೇ ಮುಚ್ಚಿಹೋಗುತ್ತದೆ. ಆದ್ದರಿಂದ ಮುಂದೆ ಏನಿದೆ ಎಂದು ಮೂರು ಹೆಸರು ಮಾತ್ರ ಕೊಟ್ಟೆವು. ಹಾಗೆ ಹೆಸರಿಸಿದ ಮೂರೂ ಅದೇ ಕ್ರಮದಲ್ಲಿ ಒಳಗೆ ಇರಲೇಬೇಕು. ಲೇಖನ ಮುಗಿದ ಮೇಲೆ ಒಂದೊಂದಕ್ಕೂ ಗುರುತು ಹಾಕಿ ನೋಡಿ. ಇಲ್ಲದ್ದನ್ನು ಆರಂಭದಿಂದ ಹೊಡೆದುಹಾಕಿ.

ಈ ನೂರು ಪದವನ್ನು ಮೊದಲೇ ಬರೆಯಲು ಕೂಡಬೇಡಿ. ಲೇಖನವನ್ನು ಹೇಗೆ ಬರುತ್ತದೋ ಹಾಗೆ ಬರೆದು ಮುಗಿಸಿ. ಆಮೇಲೆ ಓದುಗನಿಗೆ ಕೆಲಸಕ್ಕೆ ಬರುವ ಮೊದಲ ಸಾಲು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ. ಸಾಮಾನ್ಯವಾಗಿ ಅದು ಮೂರನೆಯ ಪ್ಯಾರಾದಲ್ಲಿ ಸಿಗುತ್ತದೆ. ಅದರ ಮೇಲಿನದೆಲ್ಲ ನಿಮ್ಮ ಕೈ ಬಿಸಿಯಾಗುವುದಕ್ಕೆ ಬರೆದದ್ದು. ಎಷ್ಟೇ ಪ್ರೀತಿಯಿದ್ದರೂ ತೆಗೆಯಿರಿ. ಯಾರಿಗೆ ಅಲ್ಲ ಎಂಬ ಸಾಲು ಕೊನೆಯ ಪ್ಯಾರಾದಲ್ಲಿ ಅಡಗಿರುತ್ತದೆ. ಅದನ್ನೂ ಎತ್ತಿ ಮೇಲಕ್ಕೆ ತನ್ನಿ.

ಪರೀಕ್ಷೆ ಹೀಗೆ. ಆರಂಭವನ್ನು ಬಿಟ್ಟು ಉಳಿದ ಭಾಗಕ್ಕೆ ಒಂದು ಕಾಗದ ಮುಚ್ಚಿ, ವಿಷಯ ತಿಳಿಯದ ಒಬ್ಬರ ಕೈಗೆ ಕೊಡಿ. ಓದಿದ ಮೇಲೆ, ಇದು ಯಾರಿಗೆ, ಓದಿದರೆ ಏನು ಸಿಗುತ್ತದೆ, ನಿಮಗೆ ಬೇಕೋ ಬೇಡವೋ ಎಂದು ಕೇಳಿ. ‘ಚೆನ್ನಾಗಿದೆ’ ಎಂಬುದು ಉತ್ತರವಲ್ಲ. ‘ನಮ್ಮಣ್ಣನಿಗೆ ಬೇಕು, ನನಗಲ್ಲ’ ಎಂದರೆ ಗೆದ್ದಂತೆ. ಕುಂದಾಪುರದ ಹುಡುಗನಿಗೆ ಮೂರನೆಯ ಬರಹವನ್ನು ಹೀಗೆಯೇ ಕೊಟ್ಟೆವು. ಅವನು ನಮ್ಮ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲ; ಮುಚ್ಚಿದ ಕಾಗದವನ್ನು ತಾನೇ ಸರಿಸಿ ಮುಂದಕ್ಕೆ ಓದತೊಡಗಿದ.

ಮುಂದಿನ ಸಂಚಿಕೆಗೆ ಲೇಖನ ಕೊಡುವವರು ಮೊದಲ ನೂರು ಪದವನ್ನು ಬೇರೆ ಹಾಳೆಯಲ್ಲಿ ಬರೆದು ತಂದರೆ, ಭಾನುವಾರ ಸಂಜೆ ಇದೇ ಮೇಜಿನ ಸುತ್ತ ಕುಳಿತು ಒಬ್ಬರದನ್ನು ಇನ್ನೊಬ್ಬರು ಓದೋಣ. ಬರುವಾಗ ಪೆನ್ಸಿಲು ತನ್ನಿ.