ನಾಲ್ಕು ಕಿಲೋ ಸೌದೆ ಎಲ್ಲಿ ಹೋಯಿತು?
(ಡಾಕ್ಟರೇಟ್ ಅಧ್ಯಯನವೊಂದರ ಸಾರವನ್ನು ಸಾರ್ವಜನಿಕರ ಮುಂದೆ ಮೂರು ನಿಮಿಷಗಳಲ್ಲಿ ಮಂಡಿಸಿದ ಭಾಷಣದ ಪಠ್ಯ)



ನೂರಾರು ಪುಟಗಳ ಪ್ರಬಂಧವನ್ನು ಮೂರು ನಿಮಿಷಗಳಲ್ಲಿ ಹೇಳಬೇಕೆಂದು ನಮಗೆ ಸೂಚಿಸಲಾಗಿದೆ. ಆದ್ದರಿಂದ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲೂಕುಗಳಲ್ಲಿ ಒಂದು ಕಿಲೋ ವರ್ಜೀನಿಯಾ ಹೊಗೆಸೊಪ್ಪು ಹದಗೊಳ್ಳಲು ಸುಮಾರು ನಾಲ್ಕರಿಂದ ಐದು ಕಿಲೋ ಸೌದೆ ಉರಿಯುತ್ತದೆ. ಅಷ್ಟೊಂದು ಏಕೆ ಬೇಕು?

ತಂಬಾಕು ಮನುಷ್ಯನಿಗೆ ಹಾನಿಕರವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಬೆಳೆ ಹೊಲದಲ್ಲಿರುವ ತನಕ ಅದರ ಬೆಂಕಿಗೆ ಬೀಳುವ ಮರವೂ ಅದಕ್ಕೆ ತೆರುವ ಹಣವೂ ನಮ್ಮ ನಾಡಿನದ್ದೇ ಆಗಿವೆ.

ಮೊದಲು ಲೆಕ್ಕ ನೋಡೋಣ. ಒಂದು ಕಿಲೋ ಒಣ ಸೊಪ್ಪು ಸಿಗಬೇಕಾದರೆ ಏಳು ಕಿಲೋದಷ್ಟು ಹಸಿ ಎಲೆ ಬೇಕು. ಉಳಿದ ಆರು ಕಿಲೋ ಬರೀ ನೀರು. ಆ ನೀರನ್ನು ಆವಿ ಮಾಡಲು ಬೇಕಾಗುವ ಶಾಖವು ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲೇ ಇದೆ. ಒಂದು ಬ್ಯಾರನ್‌ನಿಂದ ಹಂಗಾಮಿಗೆ 1500 ಕಿಲೋ ಸೊಪ್ಪು ಬಂತೆಂದು ಇಟ್ಟುಕೊಳ್ಳಿ. ಲೆಕ್ಕದ ಪ್ರಕಾರ ಒಂದೂವರೆ ಟನ್ ಸೌದೆ ಸಾಕು. ಐದು ಕಿಲೋದಂತೆ ಉರಿದರೆ ಏಳೂವರೆ ಟನ್ ಬೇಕಾಗುತ್ತದೆ. ಮಿಕ್ಕ ಆರು ಟನ್ ಏನಾಯಿತು? ಒಂದಷ್ಟು ಶಾಖ ಗೋಡೆ, ಮಾಡು ಮತ್ತು ಚಿಮಣಿಯ ಮೂಲಕ ಹೋಯಿತು. ಇದನ್ನು ಪೂರ್ತಿಯಾಗಿ ತಡೆಯಲಾಗದು. ಚಿಮಣಿಯಲ್ಲಿ ಬಿಸಿ ಇಲ್ಲದಿದ್ದರೆ ಹೊಗೆಯೇ ಮೇಲೇರದು. ಆದರೆ ದೊಡ್ಡ ಪಾಲೊಂದನ್ನು ನುಂಗಿದ್ದು ಸೌದೆಯೊಳಗಿನ ನೀರು.

ಇಲ್ಲೇ ಮೈಸೂರಿನ ವಿಶೇಷವಿದೆ. ಆಂಧ್ರದ ವರ್ಜೀನಿಯಾ ತಂಬಾಕು ಮಳೆಗಾಲ ಕಳೆದ ಮೇಲೆ ಬೆಂಕಿ ಕಾಣುತ್ತದೆ. ನಮ್ಮದು ಮುಂಗಾರಿನ ಬೆಳೆ. ಜುಲೈಯಲ್ಲಿ ಎಲೆ ಮುರಿಯಲು ತೊಡಗಿದಾಗ ಹೊರಗೆ ಮಳೆ ಸುರಿಯುತ್ತಿರುತ್ತದೆ. ಆಗಷ್ಟೇ ಕಡಿದ ಸಿಲ್ವರ್ ಓಕ್ ಅಥವಾ ನೀಲಗಿರಿಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಣ ಸೌದೆ ಕೊಡುವ ಶಾಖದ ಅರ್ಧವನ್ನಷ್ಟೇ ಅದು ಕೊಡುತ್ತದೆ. ತಿಳಿಯಲು ಯಂತ್ರ ಬೇಕಿಲ್ಲ: ತುಂಡಿನ ತುದಿಯಲ್ಲಿ ನೀರು ಜಿನುಗಿ ಬುಸುಗುಟ್ಟಿದರೆ, ಚಿಮಣಿಯಿಂದ ದಟ್ಟ ಬಿಳಿ ಹೊಗೆ ಬಂದರೆ ಸೌದೆ ಹಸಿ. ಒಣಗಿದ ತುಂಡಿನ ತುದಿ ಸೀಳುಬಿಟ್ಟಿರುತ್ತದೆ, ಎರಡನ್ನು ಬಡಿದರೆ ಟಣ್ಣೆನ್ನುತ್ತದೆ.

ಹಾಗಾದರೆ ರೈತ ಬೆಂಕಿಯನ್ನು ಕಡಿಮೆ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಲಾರ. ಬ್ಯಾರನ್‌ನಲ್ಲಿ ಎಲೆಯು ಐದಾರು ದಿನ ಇರುತ್ತದೆ. ಮೊದಲು 100 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿ, ಕಿಟಕಿಗಳನ್ನು ಮುಚ್ಚಿ, ಎಲೆ ಹಳದಿಯಾಗುವ ತನಕ ಕಾಯಬೇಕು. ಅವಸರಪಟ್ಟು ಬಿಸಿ ಏರಿಸಿದರೆ ಹಸಿರು ಬಣ್ಣ ಹಾಗೆಯೇ ಉಳಿದುಬಿಡುತ್ತದೆ. ಬಳಿಕ ಕಿಟಕಿ ತೆರೆದು, ನಿಧಾನವಾಗಿ ಬಿಸಿ ಹೆಚ್ಚಿಸಿ ಎಲೆಯನ್ನು ಒಣಗಿಸಬೇಕು. ಆ ಹೊತ್ತಿನಲ್ಲಿ ಶಾಖ ಕುಸಿದು ತೇವ ಒಳಗೇ ನಿಂತರೆ ಎಲೆ ಕಂದುಗಟ್ಟುತ್ತದೆ. ಕೊನೆಗೆ 160 ಡಿಗ್ರಿಯವರೆಗೆ ಏರಿಸಿ ನಡುನರವನ್ನು ಒಣಗಿಸುತ್ತಾರೆ. ಮಧ್ಯರಾತ್ರಿ ಹಸಿ ಸೌದೆಯ ಬೆಂಕಿ ಮಂಕಾಯಿತೆಂದರೆ ಹರಾಜಿನಲ್ಲಿ ಒಳ್ಳೆಯ ದರ್ಜೆಯ ಸೊಪ್ಪು ಕೀಳು ದರ್ಜೆಗೆ ಇಳಿಯುತ್ತದೆ. ಆದ್ದರಿಂದ ರೈತ ಇನ್ನೆರಡು ತುಂಡು ತುರುಕುತ್ತಾನೆ. ಅದು ಅಜ್ಞಾನವಲ್ಲ, ಭಯ. ನಗರದ ಸಭೆಗಳಲ್ಲಿ 'ರೈತರಿಗೆ ತಿಳುವಳಿಕೆ ಕೊಡಬೇಕು' ಎಂಬ ಮಾತು ಕೇಳಿದಾಗಲೆಲ್ಲ ನಮಗೆ ಈ ರಾತ್ರಿ ನೆನಪಾಗುತ್ತದೆ.

ಮಾಡಿನ ಕೆಳಗೆ ಶಾಖ ತಡೆಯುವ ಹೊದಿಕೆ, ಒಲೆಗೆ ಗಾಳಿಯಾಡುವ ಕಬ್ಬಿಣದ ಜಾಲರಿ, ಇವೆಲ್ಲ ಪ್ರಯೋಜನಕಾರಿಯೇ. ಆದರೆ ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಫೆಬ್ರವರಿಯಲ್ಲೇ ಸೌದೆ ತಂದು, ಸೀಳಿ, ನೆಲಕ್ಕೆ ತಾಗದಂತೆ ಪೇರಿಸಿ, ಮೇಲ್ಭಾಗವನ್ನಷ್ಟೇ ಮುಚ್ಚಿ ಮೂರು ನಾಲ್ಕು ತಿಂಗಳ ಬಿಸಿಲು ಗಾಳಿಗೆ ಬಿಡುವುದು. ಕಿಲೋ ಸೊಪ್ಪಿಗೆ ಒಂದೇ ಕಿಲೋ ಸೌದೆ ಉಳಿದರೂ ನಾವು ಹೇಳಿದ ಬ್ಯಾರನ್‌ನಲ್ಲಿ ಒಂದೂವರೆ ಟನ್ ಉಳಿಯಿತು.

ಇದು ರೈತನಿಗೆ ತಿಳಿದ ಸಂಗತಿಯೇ. ತೊಡಕಿರುವುದು ಕ್ಯಾಲೆಂಡರಿನಲ್ಲಿ. ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ತೆರೆಯುತ್ತದೆ. ಬಂದ ಹಣ ಹಳೆಯ ಸಾಲಕ್ಕೆ ಹೋಗುತ್ತದೆ. ಫೆಬ್ರವರಿಯಲ್ಲಿ ಸಸಿಮಡಿಗೆ ದುಡ್ಡು ಹೊಂದಿಸುವುದೇ ಕಷ್ಟವಾಗಿರುವವನು ಜುಲೈಯ ಸೌದೆಯನ್ನು ಆಗಲೇ ಕೊಳ್ಳುವುದೆಂತು? ಬೆಳೆಸಾಲದಲ್ಲಿ ಸೌದೆಯ ಪಾಲನ್ನು ಬೇರ್ಪಡಿಸಿ ಫೆಬ್ರವರಿಯಲ್ಲೇ ಕೊಡಬೇಕೆಂಬುದು ನಮ್ಮ ಪ್ರಬಂಧದ ಕೊನೆಯ ಅಧ್ಯಾಯದ ಬೇಡಿಕೆ.