ವೈಫೈ ಇಲ್ಲದ ಎಕ್ಸ್‌ಬಾಕ್ಸ್‌ಗೆ ಲ್ಯಾಪ್‌ಟಾಪೇ ದಾರಿ

ಬೀಳಗಿ ತಾಲ್ಲೂಕಿನ ಬಾಡಗಂಡಿಯಿಂದ ಒಬ್ಬ ಕೇಳುಗ ಕೇಳಿದ್ದಾನೆ: 'ಹಳೇ ಎಕ್ಸ್‌ಬಾಕ್ಸ್ 360 ಸಿಕ್ಕೈತಿ, ಅದರಾಗ ವೈಫೈ ಇಲ್ಲ. ಮನ್ಯಾಗ ಇರೋದು ಫೋನಿನ ಹಾಟ್‌ಸ್ಪಾಟ್ ಮತ್ತ ಒಂದು ಲ್ಯಾಪ್‌ಟಾಪ್. ನೆಟ್ ಹೆಂಗ ಕೊಡ್ಲಿ?' ಇವತ್ತಿನ ಮಾತು ಇದರ ಬಗ್ಗೆನೇ.

2005ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್ 360ರ ಒಳಗೆ ವೈಫೈ ಇರಲಿಲ್ಲ. ಅದನ್ನ ಬೇರೆ ಅಡಾಪ್ಟರ್ ಆಗಿ ಮಾರುತ್ತಿದ್ದರು. 2010ರ ತೆಳ್ಳನೆಯ ಮಾದರಿಯಲ್ಲಷ್ಟೇ ವೈಫೈ ಒಳಗೇ ಬಂತು. ಆದರೆ ಹಳೆಯದರ ಹಿಂದೆ ಒಂದು ಲ್ಯಾನ್ ಪೋರ್ಟ್ ಇದೆ, ನಮಗೆ ಅದೇ ಸಾಕು. ಫೋನಿನಿಂದ ಲ್ಯಾಪ್‌ಟಾಪ್‌ವರೆಗೆ ವೈಫೈ, ಅಲ್ಲಿಂದ ಕನ್ಸೋಲ್‌ವರೆಗೆ ಲ್ಯಾನ್ ಕೇಬಲ್.

ಹುಡುಕಿ ನೋಡಿದವರಿಗೆ ವಿಂಡೋಸ್‌ನಲ್ಲಿ ಮೊದಲು ಕಾಣೋದು `Bridge Connections` ಅನ್ನೋ ಆಯ್ಕೆ. ಹೆಸರು ಕೇಳಿದರೆ ಇದೇ ಬೇಕಾಗಿದ್ದು ಅನಿಸುತ್ತದೆ. ಆದರೆ ವೈಫೈ ಜೊತೆ ಬ್ರಿಡ್ಜ್ ಬಹಳ ಸಲ ಕೈಕೊಡುತ್ತದೆ, ಕಾರಣ ಹೀಗಿದೆ. ಪ್ರತಿ ಸಾಧನಕ್ಕೂ ಮ್ಯಾಕ್ ಅನ್ನೋ ಒಂದು ವಿಳಾಸ ಇರುತ್ತದೆ. ಬ್ರಿಡ್ಜ್ ಮಾಡಿದಾಗ ಕನ್ಸೋಲ್ ತನ್ನದೇ ಮ್ಯಾಕ್ ವಿಳಾಸ ಹಾಕಿ ಡೇಟಾ ಕಳಿಸುತ್ತದೆ. ಆದರೆ ಹಾಟ್‌ಸ್ಪಾಟ್‌ಗೆ ಪಾಸ್‌ವರ್ಡ್ ಕೊಟ್ಟು ಸೇರಿಕೊಂಡಿದ್ದು ಲ್ಯಾಪ್‌ಟಾಪ್ ಮಾತ್ರ. ಗುರುತಿಲ್ಲದ ವಿಳಾಸದಿಂದ ಬಂದದ್ದನ್ನ ಹಾಟ್‌ಸ್ಪಾಟ್ ಬಿಸಾಡಿಬಿಡುತ್ತದೆ. ಕೆಲವು ವೈಫೈ ಕಾರ್ಡ್‌ಗಳಲ್ಲಿ ವಿಂಡೋಸ್ ಇದನ್ನ ಹೇಗೋ ಸಂಭಾಳಿಸುತ್ತದೆ, ಆದರೆ ಅದನ್ನ ನಂಬಿ ಕೂರೋದು ಬೇಡ.

ನಾನು ಹೇಳೋ ದಾರಿ ಇಂಟರ್ನೆಟ್ ಶೇರಿಂಗ್. ಹಳ್ಳಿಯಲ್ಲಿ ಕೊರಿಯರ್ ಹೆಂಗ ಬರುತ್ತದೆ ನೋಡ್ರಿ. ಪಾರ್ಸೆಲ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ವಿಳಾಸಕ್ಕೆ ಬರುತ್ತದೆ, ಯಾವುದು ಯಾರ ಮನೆಗೆ ಅನ್ನೋದು ಅಂಗಡಿಯವರಿಗೆ ಗೊತ್ತು. ಹಾಗೇ ಇಲ್ಲಿ ಹೊರಗೆ ಕಾಣೋದು ಲ್ಯಾಪ್‌ಟಾಪ್ ವಿಳಾಸ ಒಂದೇ, ಉತ್ತರ ಬಂದಾಗ ಅದು ಕನ್ಸೋಲ್‌ಗೆ ದಾಟಿಸುತ್ತದೆ. ಹಾಟ್‌ಸ್ಪಾಟ್‌ಗೆ ಹಿಂದೆ ಇನ್ನೊಂದು ಸಾಧನ ಇರೋದು ಗೊತ್ತೇ ಆಗಲ್ಲ.

ಈಗ ಕೆಲಸ ಶುರು ಮಾಡೋಣ. ಲ್ಯಾಪ್‌ಟಾಪ್ ಅನ್ನ ಹಾಟ್‌ಸ್ಪಾಟ್‌ಗೆ ಸೇರಿಸಿ, ನೆಟ್ ಬರುತ್ತಿದೆಯಾ ನೋಡಿ. ಕೇಬಲ್‌ನ ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ಕನ್ಸೋಲ್‌ಗೆ ಹಾಕಿ, ಕನ್ಸೋಲ್ ಆನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬೇಕು. ಈಗ ವಿಂಡೋಸ್ ಕೀ ಜೊತೆ R ಒತ್ತಿ, ಇದನ್ನ ಟೈಪ್ ಮಾಡಿ:

```
ncpa.cpl
```

ಮೊದಲೇ ಬ್ರಿಡ್ಜ್ ಮಾಡಿದ್ದರೆ ಅದನ್ನ ಡಿಲೀಟ್ ಮಾಡಿ. ಆಮೇಲೆ ವೈಫೈ ಮೇಲೆ ರೈಟ್ ಕ್ಲಿಕ್ ಮಾಡಿ `Properties`, ಅದರಲ್ಲಿ `Sharing`. ಅಲ್ಲಿನ ಮೊದಲ ಚೌಕಕ್ಕೆ ಟಿಕ್ ಹಾಕಿ, ಕೆಳಗೆ ಪಟ್ಟಿ ಕಂಡರೆ `Ethernet` ಆರಿಸಿ. ನೆನಪಿರಲಿ, ಶೇರ್ ಮಾಡಬೇಕಾದ್ದು ನೆಟ್ ಬರೋ ವೈಫೈಯನ್ನ, ಕೇಬಲ್ ಅನ್ನಲ್ಲ.

ಕನ್ಸೋಲ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ `Wired Network` ಆರಿಸಿ, ಐಪಿ ಆಟೊಮ್ಯಾಟಿಕ್ ಇರಲಿ, ಆಮೇಲೆ ಟೆಸ್ಟ್ ಕೊಡಿ. ಕನ್ಸೋಲ್‌ಗೆ ಸಿಕ್ಕ ವಿಳಾಸ 192.168.137ರಿಂದ ಶುರುವಾದರೆ ಲ್ಯಾಪ್‌ಟಾಪ್ ತನ್ನ ಕೆಲಸ ಮಾಡುತ್ತಿದೆ ಅಂತ. 169.254ರಿಂದ ಶುರುವಾದರೆ ಯಾರೂ ವಿಳಾಸ ಕೊಡಲಿಲ್ಲ, ಕನ್ಸೋಲ್ ತಾನೇ ಒಂದು ಹಾಕಿಕೊಂಡಿದೆ. ಆಗ ಮೊದಲು ಕೇಬಲ್ ನೋಡಿ, ಆಮೇಲೆ ಶೇರಿಂಗ್ ಟಿಕ್ ತೆಗೆದು `OK` ಕೊಟ್ಟು ಮತ್ತೆ ಹಾಕಿ. ವಿಂಡೋಸ್ 10ರಲ್ಲಿ ರೀಸ್ಟಾರ್ಟ್ ಆದಮೇಲೆ ಶೇರಿಂಗ್ ನಿಂತುಹೋಗೋದು ಗೊತ್ತಿರೋ ತೊಂದರೆ. ಟಿಕ್ ಕಾಣುತ್ತದೆ, ನೆಟ್ ಬರಲ್ಲ. ಅದಕ್ಕೂ ಇದೇ ಮದ್ದು. ಹಾಗೇ ಲ್ಯಾಪ್‌ಟಾಪ್ ಮುಚ್ಚಿದರೆ ಅದು ನಿದ್ದೆಗೆ ಜಾರುತ್ತದೆ, ಆಟ ಅಲ್ಲೇ ಕಟ್. ಪವರ್ ಸೆಟ್ಟಿಂಗ್‌ನಲ್ಲಿ ನಿದ್ದೆ ಬಂದ್ ಮಾಡಿ ಇಡಿ.

ಟೆಸ್ಟ್ ಪಾಸಾದರೂ ನ್ಯಾಟ್ ಬಗ್ಗೆ ಎಚ್ಚರಿಕೆ ಬರಬಹುದು, ಅದು ಸಹಜ. ವಿಳಾಸ ಬದಲಿಸೋ ಕೆಲಸ ಲ್ಯಾಪ್‌ಟಾಪ್‌ನಲ್ಲೂ ಆಗುತ್ತದೆ, ಫೋನ್‌ನಲ್ಲೂ ಆಗುತ್ತದೆ, ಮೊಬೈಲ್ ಕಂಪನಿಯಲ್ಲೂ ಆಗಬಹುದು. ಡೌನ್‌ಲೋಡ್‌ಗೆ ಇದರಿಂದ ತೊಂದರೆ ಇಲ್ಲ. ಆದರೆ ಗೆಳೆಯರ ಜೊತೆ ವಾಯ್ಸ್ ಚಾಟ್, ಕೆಲವರ ಆಟಕ್ಕೆ ಸೇರೋದು ಆಗದೇ ಇರಬಹುದು. ಮೊಬೈಲ್ ಕಂಪನಿಯ ಕಡೆಯದನ್ನ ನಿಮ್ಮ ಲ್ಯಾಪ್‌ಟಾಪ್‌ನಿಂದ ಸರಿಮಾಡಲು ಆಗಲ್ಲ.

ಕೊನೆಯ ಮಾತು ಆ ಬಾಡಗಂಡಿಯ ಗೆಳೆಯನಿಗೆ. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿದೆ, ಹೊಸ ಆಟ ಅಲ್ಲಿ ಕೊಳ್ಳಲು ಆಗಲ್ಲ. ಹಿಂದೆ ಕೊಂಡದ್ದನ್ನ ಮತ್ತೆ ಇಳಿಸಿಕೊಳ್ಳಬಹುದು, ಸರ್ವರ್ ಇನ್ನೂ ನಡೆಸುತ್ತಿರೋ ಆಟಗಳನ್ನ ಆನ್‌ಲೈನ್ ಆಡಬಹುದು. ನಿನ್ನ ಹತ್ತಿರ ಇರೋ ಡಿಸ್ಕ್ ಆಟ ಅವುಗಳಲ್ಲಿ ಒಂದಾ ಅಂತ ಮೊದಲು ನೋಡಿಕೋ, ಆಮೇಲೆ ಕೇಬಲ್‌ಗೆ ದುಡ್ಡು ಹಾಕು.