ಮಳೆಕಾಡಿನ ಜನರ ಎತ್ತರ: ಒಂದು ಲಕ್ಷಣ, ಎರಡು ಹಾದಿ



ಹವಾಮಾನಕ್ಕೂ ದೇಹದ ಗಾತ್ರಕ್ಕೂ ಇರುವ ಸಂಬಂಧವನ್ನು 'ಚಳಿಯ ನಾಡಿನಲ್ಲಿ ದೊಡ್ಡ ದೇಹ, ಸೆಕೆಯ ನಾಡಿನಲ್ಲಿ ಸಣ್ಣ ದೇಹ' ಎಂಬ ಒಂದೇ ಸಾಲಿನಲ್ಲಿ ಮುಗಿಸುವುದು ತರಗತಿಗಳಲ್ಲಿ ರೂಢಿಯಾಗಿದೆ. ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲಿ ಪ್ರಾಣಿಗಳನ್ನು ಕುರಿತು ಹೇಳಿದ ನಿಯಮದ ಸಾರವಿದು. ಇದರ ಹಿಂದಿರುವ ಗಣಿತವನ್ನು ಜೇಡಿಮಣ್ಣಿನ ಎರಡು ಘನಗಳಿಂದ ತೋರಿಸಬಹುದು. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಘನಫಲ 1, ಮೇಲ್ಮೈ 6. ಬದಿಯನ್ನು ಎರಡು ಸೆಂಟಿಮೀಟರ್ ಮಾಡಿದರೆ ಘನಫಲ 8, ಮೇಲ್ಮೈ 24. ಅಂದರೆ ಘನಫಲದ ಒಂದು ಪಾಲಿಗೆ ದೊರೆಯುವ ಮೇಲ್ಮೈ 6ರಿಂದ 3ಕ್ಕೆ ಇಳಿಯುತ್ತದೆ. ಶಾಖವು ಹುಟ್ಟುವುದು ಮೈಯ ಒಳಗೆ, ಹೊರಹೋಗುವುದು ಚರ್ಮದ ಮೂಲಕ. ಆದುದರಿಂದ ದೊಡ್ಡ ದೇಹವು ಶಾಖವನ್ನು ಹಿಡಿದಿಡುತ್ತದೆ, ಸಣ್ಣ ದೇಹವು ಬೇಗ ಬಿಟ್ಟುಕೊಡುತ್ತದೆ.

ಆದರೆ ದಕ್ಷಿಣ ಸುಡಾನಿನ ಡಿಂಕಾ ಜನರು ಸುಡುವ ಬಿಸಿಲಿನಲ್ಲಿ ಬಾಳುತ್ತಿದ್ದರೂ ಲೋಕದ ಅತಿ ಎತ್ತರದ ಜನರ ಸಾಲಿಗೆ ಸೇರಿದವರು. ಅಲ್ಲಿಂದ ದೂರವೇನೂ ಅಲ್ಲದ ಕಾಂಗೋ ದೇಶದ ಇತೂರಿ ಕಾಡಿನ ಎಫೆ ಜನರಲ್ಲಿ ಗಂಡಸರ ಸರಾಸರಿ ಎತ್ತರ 150 ಸೆಂಟಿಮೀಟರಿಗಿಂತಲೂ ಕಡಿಮೆ. ಎರಡೂ ಕಡೆ ಸೆಕೆಯೇ, ವ್ಯತ್ಯಾಸವಿರುವುದು ತೇವದಲ್ಲಿ. ಒಣ ಬಯಲಿನಲ್ಲಿ ಬೆವರು ಕೂಡಲೇ ಆವಿಯಾಗಿ ಮೈಯನ್ನು ತಂಪಾಗಿಸುತ್ತದೆ. ಅಲ್ಲಿ ಉದ್ದನೆಯ, ತೆಳುವಾದ ಮೈಗೆ ಚರ್ಮವೂ ಹೆಚ್ಚು, ಲಾಭವೂ ಹೆಚ್ಚು. ಗಾಳಿಯಾಡದ ಮಳೆಕಾಡಿನೊಳಗೆ ಬೆವರು ಆವಿಯಾಗದೆ ಬರಿದೇ ತೊಟ್ಟಿಕ್ಕುತ್ತದೆ. ಶಾಖವನ್ನು ಹೊರಹಾಕುವ ದಾರಿ ಮುಚ್ಚಿದಾಗ, ಶಾಖವನ್ನು ಕಡಿಮೆ ಹುಟ್ಟಿಸುವುದೇ ಉಳಿದ ಉಪಾಯ. ಬೇಟೆಗೆ ನಡೆಯುವಾಗ, ಜೇನಿಗಾಗಿ ಮರ ಹತ್ತುವಾಗ ಹಗುರ ಮೈಯಲ್ಲಿ ಹುಟ್ಟುವ ಶಾಖ ಅಷ್ಟರಮಟ್ಟಿಗೆ ಕಡಿಮೆ.

ಇಷ್ಟೇ ಕಾರಣವೆಂದು ವಿದ್ವಾಂಸರು ಒಪ್ಪಿಲ್ಲ. ಕಾಡಿನಲ್ಲಿ ಆಹಾರವು ವಿರಳವಾದ್ದರಿಂದ ಕಡಿಮೆ ಉಣ್ಣುವ ಮೈಗೆ ಅನುಕೂಲವಾಯಿತೆಂಬುದು ಒಂದು ವಾದ. ಚಿಕ್ಕ ವಯಸ್ಸಿನ ಸಾವು ಹೆಚ್ಚಿರುವಲ್ಲಿ ಬೆಳವಣಿಗೆಯನ್ನು ಬೇಗ ನಿಲ್ಲಿಸಿ ಬೇಗ ಸಂತಾನ ಪಡೆಯುವವರ ವಂಶ ಉಳಿಯುತ್ತದೆಂಬುದು ಇನ್ನೊಂದು. ಈ ವಾದಕ್ಕೆ ಫಿಲಿಪ್ಪೀನ್ಸಿನ ಏಟಾ ಜನರ ಅಧ್ಯಯನವು ಮುಖ್ಯ ಆಧಾರ. ಇವು ಒಂದನ್ನೊಂದು ಅಲ್ಲಗಳೆಯುವುದಿಲ್ಲ, ಕೂಡಿಯೇ ಕೆಲಸ ಮಾಡಿರಬಹುದು.

ಕಾರಣವನ್ನು ಬಿಟ್ಟು ವಿಧಾನದ ಕಡೆ ತಿರುಗಿದರೆ ವಿಷಯವು ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಕ್ಯಾಮರೂನಿನ ಬಾಕಾ ಜನರ ಮಕ್ಕಳನ್ನು ಹುಟ್ಟಿದ ದಿನಾಂಕದ ದಾಖಲೆಯ ಸಹಿತ ಹಲವು ವರ್ಷ ಅಳೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಬಾಕಾ ಶಿಶುವು ಹುಟ್ಟುವಾಗ ಇತರ ಶಿಶುಗಳಷ್ಟೇ ಇರುತ್ತದೆ. ಮೊದಲ ಎರಡು ವರ್ಷಗಳಲ್ಲಿ ಅದರ ಬೆಳವಣಿಗೆ ನಿಧಾನಗೊಳ್ಳುತ್ತದೆ. ಆಮೇಲೆ ಇತರರಂತೆಯೇ ಬೆಳೆದರೂ ಆಗ ಬಿದ್ದ ಅಂತರ ತುಂಬುವುದಿಲ್ಲ. ಎಫೆ ಶಿಶುವಾದರೋ ಹುಟ್ಟುವಾಗಲೇ ಚಿಕ್ಕದು. ಇಬ್ಬರೂ ಬೆಳೆದಾಗ ಗಿಡ್ಡ, ಆದರೆ ಆ ಎತ್ತರಕ್ಕೆ ಬಂದ ಹಾದಿ ಬೇರೆ ಬೇರೆ. ಪಶ್ಚಿಮದ ಬಾಕಾ ಮತ್ತು ಪೂರ್ವದ ಎಫೆ ಜನರ ಪೂರ್ವಿಕರು ಅಗಲಿ ಸಾವಿರಾರು ವರ್ಷಗಳಾಗಿವೆ. ಹಾಗಾಗಿ ಈ ಲಕ್ಷಣವು, ಕಡೆಯ ಪಕ್ಷ ಅದರ ಒಂದು ಪಾಲಾದರೂ, ಎರಡೂ ಕಡೆ ಪ್ರತ್ಯೇಕವಾಗಿ ರೂಪುಗೊಂಡಿತೆಂದು ಆ ಸಂಶೋಧಕರು ತರ್ಕಿಸಿದರು. ಬಾವಲಿಗೂ ಹಕ್ಕಿಗೂ ರೆಕ್ಕೆ ಬೇರೆ ಬೇರೆಯಾಗಿ ಮೂಡಿದ್ದನ್ನು ಕಲಿಸುವ ಶಿಕ್ಷಕರಿಗೆ ಮನುಷ್ಯರೊಳಗಿನದೇ ಉದಾಹರಣೆ ಇದು.

ಇದು ಬರಿಯ ಅಪೌಷ್ಟಿಕತೆಯಲ್ಲವೆಂದು ತಿಳಿಯುವುದು ಹೇಗೆ? ಉಗಾಂಡದ ಬಾತ್ವಾ ಜನರನ್ನು 1991ರಲ್ಲಿ ಬ್ವಿಂಡಿ ಕಾಡಿನಿಂದ ಹೊರಹಾಕಲಾಯಿತು. ಅವರಲ್ಲಿ ಕೆಲವರ ಪೂರ್ವಿಕರು ನೆರೆಯ ಬಕೀಗಾ ಬೇಸಾಯಗಾರರೊಡನೆ ಸಂಬಂಧ ಬೆಳೆಸಿದ್ದರು. 2014ರ ಅಧ್ಯಯನವು ಬಾತ್ವಾ ಸಮುದಾಯದೊಳಗೇ ಹೋಲಿಸಿ ನೋಡಿದಾಗ, ಬಕೀಗಾ ಮೂಲದ ಅಂಶ ಹೆಚ್ಚಿದ್ದಷ್ಟೂ ವ್ಯಕ್ತಿ ಎತ್ತರವಾಗಿದ್ದುದು ಕಂಡಿತು. ಬಡತನ ಮತ್ತು ಊಟ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಎತ್ತರದ ವ್ಯತ್ಯಾಸಕ್ಕೆ ವಂಶವಾಹಿಯೇ ಕಾರಣವೆನ್ನಲು ಇದು ಬಲವಾದ ಸಾಕ್ಷಿ.

ಇಂಥ ಸಾಕ್ಷಿ ಇಲ್ಲದೆ ಈ ವಿವರಣೆಯನ್ನು ಬೇರೆ ಕಡೆಗೆ ಹೊರಿಸಬಾರದು. ವಯನಾಡು, ನೀಲಗಿರಿ, ತಾಳವಾಡಿಗಳ ಶಾಲೆಗಳಿಗೆ ಕಾಡಂಚಿನ ಹಾಡಿಗಳಿಂದ ಮಕ್ಕಳು ಬರುತ್ತಾರೆ. ಗಿಡ್ಡ ಮಗುವನ್ನು ಕಂಡು 'ಇವರ ಕುಲವೇ ಹಾಗೆ' ಎಂದುಬಿಟ್ಟರೆ ಹಸಿವು, ರಕ್ತಹೀನತೆ, ಜಂತುಹುಳು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಲದ ಅಳತೆಯಿಂದ ತೀರ್ಮಾನ ಸಲ್ಲದು. ಆರು ತಿಂಗಳಿಗೊಮ್ಮೆ ಎತ್ತರ ಮತ್ತು ತೂಕ ಬರೆದಿಟ್ಟರೆ, ಮಗು ತನ್ನದೇ ಗೆರೆಯಲ್ಲಿ ಏರುತ್ತಿದೆಯೋ, ಗೆರೆಯಿಂದ ಕೆಳಗೆ ಜಾರುತ್ತಿದೆಯೋ ತಿಳಿಯುತ್ತದೆ. ತನ್ನ ಗೆರೆಯಲ್ಲಿದ್ದ ಮಾತ್ರಕ್ಕೆ ಕೊರತೆಯಿಲ್ಲವೆಂದೂ ಹೇಳಲಾಗದು, ಏಕೆಂದರೆ ಎಳವೆಯ ಹಸಿವು ಆ ಗೆರೆಯನ್ನೇ ತಗ್ಗಿಸಿರಬಹುದು. ಜಾರುತ್ತಿರುವ ಮಗುವನ್ನಂತೂ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು.